ಲೇಬಲ್ ಹೇಳದ ಅಳತೆ: 65 ವ್ಯಾಟ್ ಚಾರ್ಜರ್, ಒಂಬತ್ತು ತಿಂಗಳ ನಂತರ

ಈ ಲ್ಯಾಪ್‌ಟಾಪ್ ಚಾರ್ಜರ್‌ಗೆ ನಾಲ್ಕು ನಕ್ಷತ್ರ ಕೊಡುತ್ತಿದ್ದೇನೆ. ಇದಕ್ಕೂ ಮೊದಲು ಬೇರೊಂದನ್ನು ಕೊಂಡು ದುಡ್ಡು ಕಳೆದುಕೊಂಡ ಕಥೆ ಹೇಳದಿದ್ದರೆ ಅಷ್ಟು ಏಕೆ ಎಂಬುದು ತಿಳಿಯುವುದಿಲ್ಲ.

ಮೂಲ ಅಡಾಪ್ಟರ್ ಕೆಟ್ಟಾಗ ಅದರ ಲೇಬಲ್‌ನ ಫೋಟೊ ತೆಗೆದು ಅಂಗಡಿಗೆ ಕಳುಹಿಸಿದೆ. ಅಂಗಡಿಯವರು ಇನ್‌ಪುಟ್ ಸಾಲಿನ 1.5 ಆಂಪಿಯರ್ ಓದಿ ಬೆಲೆ ಹೇಳಿದರು. ಅದು ಗೋಡೆಯ ಕಡೆಯ ಲೆಕ್ಕ. ನೋಡಬೇಕಾದದ್ದು ಔಟ್‌ಪುಟ್ ಸಾಲು: 19 ವೋಲ್ಟ್, 3.42 ಆಂಪಿಯರ್, ಗುಣಿಸಿದರೆ 65 ವ್ಯಾಟ್. ವೋಲ್ಟ್ ಹೊಂದಬೇಕು, ವ್ಯಾಟ್ ಹೆಚ್ಚಿದ್ದರೆ ತೊಂದರೆಯಿಲ್ಲ, ಲ್ಯಾಪ್‌ಟಾಪ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ತಂಗಿಯ 45 ವ್ಯಾಟ್‌ನದನ್ನು ಎರಡು ದಿನ ಎರವಲು ತಂದಿದ್ದೆ. ಕೈಯಿಡಲಾಗದಷ್ಟು ಕಾಯುತ್ತಿತ್ತು, ಕೆಲಸ ಮಾಡುತ್ತಿರುವಾಗ ಬ್ಯಾಟರಿ ಏರುತ್ತಲೇ ಇರಲಿಲ್ಲ.

ಪ್ಲಗ್‌ನ ಅಳತೆ ಮಾತ್ರ ಲೇಬಲ್‌ನಲ್ಲಿ ಇರಲಿಲ್ಲ. ಸ್ಕೇಲ್ ಇಟ್ಟು ನೋಡಿದೆ, ಹೊರ ಅಗಲ 4 ಮಿಲಿಮೀಟರ್. ಅಂಗಡಿಯವರು ಕೊಟ್ಟದ್ದೂ 4 ಮಿಲಿಮೀಟರ್‌ನದೇ. ಸಲೀಸಾಗಿ ಒಳಗೆ ಹೋಯಿತು, ದೀಪವೂ ಹತ್ತಿತು. ಆದರೆ ಮೊಣಕೈ ತಾಗಿದರೆ ಸಾಕು, ಚಾರ್ಜಿಂಗ್ ಚಿಹ್ನೆ ಮಾಯ. ಮೂರು ವಾರ ವಯರಿನ ಕೆಳಗೆ ಬೆಂಕಿಪೆಟ್ಟಿಗೆ ಒತ್ತಿಟ್ಟು ಕೆಲಸ ಮಾಡಿದೆ. ಒಂದು ಸಂಜೆ ಚಿಟಪಟ ಸದ್ದು ಕೇಳಿ ಕಿತ್ತುಹಾಕಿದೆ. ಮರಳಿಸುವ ಗಡುವು ಅಷ್ಟರಲ್ಲಿ ಮುಗಿದಿತ್ತು.

ಪ್ಲಗ್‌ನ ನಡುವಿನ ತೂತಿನಲ್ಲೇ ಗುಟ್ಟಿದೆ. ಹೊರಗೆ 4.0 ಇರುವ ಪ್ಲಗ್‌ಗಳಲ್ಲಿ ಕೆಲವದರ ತೂತು 1.35 ಮಿಲಿಮೀಟರ್, ಕೆಲವದರದು 1.7. ನನ್ನ ಲ್ಯಾಪ್‌ಟಾಪ್‌ನ ಸೂಜಿಗೆ ಬೇಕಾದದ್ದು 1.35, ದೊಡ್ಡ ತೂತಿನಲ್ಲಿ ಅದು ಅಲುಗಾಡುತ್ತಿತ್ತು. ಈ ವ್ಯತ್ಯಾಸ ಸ್ಕೇಲ್‌ಗೆ ಸಿಗುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಿಂದ 1.5 ಮಿಲಿಮೀಟರ್ ಡ್ರಿಲ್ ಬಿಟ್ ತಂದು ಅದರ ನುಣುಪಾದ ತುದಿಯನ್ನು ತೂತಿಗಿಟ್ಟೆ. ಹಳೆಯ ಪ್ಲಗ್‌ಗೆ ಹೋಗಲಿಲ್ಲ, ಹೊಸದಕ್ಕೆ ಸರಕ್ಕನೆ ಇಳಿಯಿತು. ಮೂರು ವಾರದ ಗೋಳು ಅರೆ ನಿಮಿಷದಲ್ಲಿ ಅರ್ಥವಾಯಿತು. (ಈ ಪರೀಕ್ಷೆಗೆ ಚಾರ್ಜರನ್ನು ಗೋಡೆಯಿಂದ ಕಿತ್ತಿರಬೇಕು.)

ಈಗಿನದನ್ನು ಕೊಳ್ಳುವಾಗ 4.0 × 1.35 ಎಂದು ಬರೆದು ಕಳುಹಿಸಿದೆ. ಲೇಬಲ್‌ನ ವೃತ್ತದ ನಡುವೆ ಪ್ಲಸ್ ಇರುವುದನ್ನೂ, ಅಂದರೆ ಪ್ಲಗ್‌ನ ಒಳಭಾಗವೇ ಪ್ಲಸ್ ಎಂಬುದನ್ನೂ, ತಾಳೆ ನೋಡಿದೆ. ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಪ್ಲಗ್ ಒತ್ತುವಾಗ ಕೊನೆಯಲ್ಲೊಂದು ಸಣ್ಣ ಬಿಗಿ ಬೆರಳಿಗೆ ತಾಗುತ್ತದೆ. ಒಂಬತ್ತು ತಿಂಗಳಾದರೂ ಅದು ಸಡಿಲಾಗಿಲ್ಲ. ಚಾರ್ಜರ್ ಮುಟ್ಟಿದರೆ ಬೆಚ್ಚಗಿರುತ್ತದೆ, ಅಷ್ಟೇ.

ಒಂದು ನಕ್ಷತ್ರ ಕಡಿಮೆ ಮಾಡಿದ್ದು ಇದರ ನೀಲಿ ದೀಪಕ್ಕೆ. ರಾತ್ರಿ ಕೋಣೆಯೆಲ್ಲ ಬೆಳಗುತ್ತದೆ. ಅದರ ಮೇಲೆ ಬಿಳಿ ಟೇಪ್ ಅಂಟಿಸಿ, ಟೇಪಿನ ಮೇಲೆ ಪ್ಲಗ್‌ನ ಅಳತೆ ಬರೆದಿಟ್ಟಿದ್ದೇನೆ.