ಡ್ರಮ್ಮಾ, ಸಂಪಾ? ಎರಡು ವರ್ಷ ಮಳೆನೀರು ಹಿಡಿದ ಮೇಲೆ ಉಳಿದ ದುಡ್ಡಿನ ಲೆಕ್ಕ

ನಮ್ಮ ಮನೆ ಬೆಂಗಳೂರಿನ ವರ್ತೂರಿನಿಂದ ಸ್ವಲ್ಪ ಆಚೆ. ಬೋರ್‌ವೆಲ್ ಬತ್ತಿ ವರ್ಷಗಳಾದವು, ಕಾವೇರಿ ಇನ್ನೂ ಬಂದಿಲ್ಲ. ನಾಲ್ಕು ಜನ, ದಿನಕ್ಕೆ ಸುಮಾರು 400 ಲೀಟರ್. ಅಂದರೆ ತಿಂಗಳಿಗೆ 6,000 ಲೀಟರಿನ ಎರಡು ಟ್ಯಾಂಕರ್, ವರ್ಷಕ್ಕೆ 24 ಲೋಡು.

2023ರಲ್ಲಿ ಮೊದಲು ಮಾಡಿದ್ದು ಡ್ರಮ್ಮಿನ ಪ್ರಯೋಗ. ತಾರಸಿಯ ಒಂದು ಪೈಪನ್ನು ಕತ್ತರಿಸಿ ಕೆಳಗೆ 200 ಲೀಟರಿನ ಎರಡು ಹಳೇ ಡ್ರಮ್ ಇಟ್ಟೆವು. ನಲ್ಲಿ, ಬಾಯಿಗೆ ಸೊಳ್ಳೆ ಪರದೆ, ಎಲ್ಲಾ ಸೇರಿ 3,500 ರೂಪಾಯಿ. ಆ ವರ್ಷ ಮಳೆ ಕೈಕೊಟ್ಟಿತ್ತು, ಆದರೂ ಡ್ರಮ್ಮುಗಳು 28 ಸಲ ತುಂಬಿದವು. ಟಾಯ್ಲೆಟ್ಟಿಗೆ, ನೆಲ ಒರೆಸಲು, ಗಿಡಕ್ಕೆ ಅಂತ ಬಕೆಟ್ಟಿನಲ್ಲಿ ಹೊತ್ತು ಖಾಲಿ ಮಾಡಿದೆವು. ಒಟ್ಟು 11,200 ಲೀಟರ್, ಹತ್ತಿರ ಹತ್ತಿರ ಎರಡು ಲೋಡು.

ಮಾರನೇ ವರ್ಷ ಆಸೆ ಜಾಸ್ತಿಯಾಯಿತು. ಇಡೀ ತಾರಸಿಯ ನೀರನ್ನು ಫಿಲ್ಟರ್ ಮೂಲಕ ಸಂಪಿಗೆ ಬಿಡೋಣ ಅಂತ ಹೊರಟೆವು. ಫಿಲ್ಟರಿಗೆ 9,000, ಪೈಪು ಬೆಂಡುಗಳಿಗೆ 11,000, ಕೂಲಿ ಮತ್ತು ಅಂಗಳದ ಕಲ್ಲು ಕಿತ್ತು ಹಾಕಿದ್ದಕ್ಕೆ 8,000, ಮೊದಲ ಮಳೆ ಹೊರಬಿಡುವ ವಾಲ್ವು ಮತ್ತು ಸಂಪಿನ ಓವರ್‌ಫ್ಲೋಗೆ 3,500. ಒಟ್ಟು 31,500.

ಫಿಲ್ಟರ್ ಮಾರಿದವರು ಕೊಟ್ಟ ಲೆಕ್ಕ ಚೆನ್ನಾಗಿತ್ತು. ಸಾವಿರ ಚದರಡಿ ತಾರಸಿ, ಬೆಂಗಳೂರಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ, ನೂರಕ್ಕೆ ಎಂಬತ್ತು ಭಾಗ ಸಿಕ್ಕಿದರೂ 72,000 ಲೀಟರ್, ಅಂದರೆ 12 ಲೋಡು. ಬೇಸಿಗೆಯ ದರ 1,200ರಂತೆ ವರ್ಷಕ್ಕೆ 14,400 ಉಳಿತಾಯ, ಎರಡು ವರ್ಷ ಚಿಲ್ಲರೆಯಲ್ಲಿ ಹಾಕಿದ ದುಡ್ಡು ವಾಪಸ್ಸು. ಗುಣಾಕಾರದಲ್ಲಿ ತಪ್ಪೇನೂ ಇಲ್ಲ.

ಆದರೆ ನಮಗೆ ಉಳಿದದ್ದು ಎಂಟೇ ಲೋಡು. ಯಾಕೆ ಅಂತ ಗೊತ್ತಾಗಿದ್ದು ಒಂದು ಕೋಲಿನಿಂದ. ನಮ್ಮ ಸಂಪು ಎರಡು ಮೀಟರ್ ಉದ್ದ, ಅಗಲ, ಆಳ, ಹಿಡಿಯೋದು 8,000 ಲೀಟರ್. ಅದರಲ್ಲಿ ಒಂದು ಇಂಚು ನೀರು ಅಂದರೆ ಹತ್ತಿರ ಹತ್ತಿರ 100 ಲೀಟರ್. ಹಳೇ ಪಿವಿಸಿ ಪೈಪಿನ ಮೇಲೆ ಇಂಚಿಗೊಂದು ಗೆರೆ ಎಳೆದು ದಿನಾ ಬೆಳಿಗ್ಗೆ ಅದ್ದಿ ನೋಡುತ್ತಿದ್ದೆ. ಟ್ಯಾಂಕರಿನವರು 6,000ಕ್ಕಿಂತ ಕಡಿಮೆ ತರಲ್ಲ. ಲೋಡು ಸುರಿದ ಮೇಲೆ ಸಂಪಿನಲ್ಲಿ ಹೆಚ್ಚೆಂದರೆ 2,000 ಲೀಟರಿನ ಜಾಗ ಉಳಿಯುತ್ತದೆ, ಅದು ನಮ್ಮ ತಾರಸಿಗೆ 25 ಮಿಲಿಮೀಟರಿನ ಒಂದು ಜೋರು ಮಳೆಗೆ ಸಾಕು, ಎರಡನೇ ಮಳೆ ನೇರ ಚರಂಡಿಗೆ. ಸೆಪ್ಟೆಂಬರಿನಲ್ಲಿ ಹೀಗೆ ಹರಿದು ಹೋಗಿದ್ದನ್ನು ನೋಡಿ ಹೊಟ್ಟೆ ಉರಿಯಿತು. ಆಮೇಲೆ ಕೋಲು ನಾಲ್ಕೈದು ಇಂಚಿಗೆ ಇಳಿಯುವವರೆಗೆ ಫೋನ್ ಮುಟ್ಟುತ್ತಿರಲಿಲ್ಲ. ಮನೆಯವರ ಬೈಗುಳ ಬೇರೆ.

ಇನ್ನೊಂದು ವಿಷಯ ಲೆಕ್ಕದ ಚೀಟಿಯಲ್ಲಿ ಇರಲೇ ಇಲ್ಲ. ಜನವರಿಯಿಂದ ಏಪ್ರಿಲ್‌ವರೆಗಿನ ಎಂಟು ಲೋಡು ನಾವು ಹಿಂದಿನಂತೆಯೇ ಕೊಂಡೆವು, 1,200 ಕೊಟ್ಟೇ. ಮಳೆ ತಪ್ಪಿಸಿದ್ದು ಮಳೆಗಾಲದ ಲೋಡುಗಳನ್ನು, ಆಗ ದರ 700. ಅಂದರೆ ಉಳಿದದ್ದು ಅಗ್ಗದ ನೀರು! 8 ಲೋಡಿಗೆ 5,600 ರೂಪಾಯಿ.

ಅದರಲ್ಲೂ 1,200 ನನ್ನ ಮರೆವಿಗೆ ಹೋಯಿತು. ವರ್ಷದ ಮೊದಲ ಮಳೆಗೆ ವಾಲ್ವು ಹೊರಗಡೆ ತಿರುಗಿಸಬೇಕಿತ್ತು, ಹತ್ತು ನಿಮಿಷ ಬಿಟ್ಟು ಸಂಪಿಗೆ. ನಾನು ಆಫೀಸಿನಲ್ಲಿದ್ದೆ. ನಾಲ್ಕು ತಿಂಗಳ ಧೂಳು, ಪಾರಿವಾಳದ ಹಿಕ್ಕೆ, ಹೊಂಗೆ ಹೂವು ಎಲ್ಲಾ ಒಟ್ಟಿಗೆ ಬಂದು ಫಿಲ್ಟರಿನ ಜಾಲರಿ ಕಟ್ಟಿಕೊಂಡಿತ್ತು. ಸಂಜೆ ನಲ್ಲಿಯಲ್ಲಿ ಚಹಾ ಬಣ್ಣದ ನೀರು, ಒದ್ದೆ ಮಣ್ಣಿನ ವಾಸನೆ. ಸಂಪು ತೊಳೆಸಬೇಕಾಯಿತು.

ಹಾಗಾಗಿ ಮೊದಲ ವರ್ಷ ಕೈಗೆ ಬಂದದ್ದು 4,400. ಇದೇ ಗತಿಯಾದರೆ ಏಳು ವರ್ಷ, ವಾಲ್ವು ಮರೆಯದಿದ್ದರೆ ಐದೂವರೆ. ಡ್ರಮ್ಮಿಗೆ ಅದೇ 700ರ ದರ ಹಾಕಿದರೆ ವರ್ಷಕ್ಕೆ 1,400, ಅಂದರೆ ಎರಡೂವರೆ ವರ್ಷದಲ್ಲಿ ದುಡ್ಡು ವಾಪಸ್ಸು, ಅದೂ ಬರದ ವರ್ಷದ ಲೆಕ್ಕದಲ್ಲಿ. ಹಾಕಿದ ರೂಪಾಯಿಗೆ ಡ್ರಮ್ಮೇ ಮೇಲು. ಆದರೆ ಬಕೆಟ್ ಹೊರಬೇಕು, ಆ ನೀರು ಸ್ನಾನಕ್ಕೆ, ಪಾತ್ರೆಗೆ ಆಗಲ್ಲ. ಮಂಡಿ ನೋವಿರುವ ಅಮ್ಮ ಸಂಪಿಗೇ ಓಟು ಹಾಕಿದರು.

ಅಣ್ಣ ಮಾತ್ರ 40,000 ಕೊಟ್ಟು ಇಪ್ಪತ್ತು ಅಡಿಯ ಇಂಗುಬಾವಿ ತೋಡಿಸಿದ. ನೀರು ಚೆನ್ನಾಗಿ ಇಂಗುತ್ತದೆ, ಟ್ಯಾಂಕರ್ ಬಿಲ್ಲು ಮಾತ್ರ ಹಾಗೇ ಇದೆ. ಅವನ ಬೋರು 900 ಅಡಿಯದು, ಇಂಗಿದ್ದು ಯಾರ ಬೋರಿಗೆ ಹೋಯಿತೋ!

ದೊಡ್ಡ ಸಂಪು ಮಾಡಿಸಿದರೆ ಆ ಉಳಿದ ನಾಲ್ಕು ಲೋಡೂ ಸಿಗುತ್ತೆ ಅಲ್ವಾ ಅಂತ ಕೇಳಬಹುದು. ಸಿಗುತ್ತೆ, ವರ್ಷಕ್ಕೆ 2,800 ರೂಪಾಯಿಯಷ್ಟು. ಅದಕ್ಕೆ ಮತ್ತೆ ನೆಲ ಅಗೆಸಲು ನನಗೆ ಮನಸ್ಸಿಲ್ಲ. ಡ್ರಮ್ಮುಗಳನ್ನು ಈಗ ಪೋರ್ಟಿಕೋದ ಪೈಪಿಗೆ ಹಾಕಿದ್ದೇನೆ, ಆ ನೀರು ಸಂಪಿಗೆ ಹೇಗೂ ಹೋಗುತ್ತಿರಲಿಲ್ಲ.