ನಡಾವಳಿ ಪುಸ್ತಕ, ವಾಟ್ಸಾಪ್, ಗೂಗಲ್ ಶೀಟ್, ಬಾಕಿ ರಿಜಿಸ್ಟರ್: ಸಭೆಯ ಕೆಲಸ ಯಾವುದರಲ್ಲಿ ಮುಗಿಯುತ್ತದೆ?

ಮಂಡ್ಯ ಕಡೆಯ ಹಾಲು ಉತ್ಪಾದಕರ ಸಹಕಾರ ಸಂಘದ ತಿಂಗಳ ಸಭೆಯನ್ನೇ ಇಟ್ಟುಕೊಂಡು ಈ ಹೋಲಿಕೆ. ಹತ್ತು ಹನ್ನೆರಡು ನಿರ್ದೇಶಕರು, ಒಬ್ಬ ಕಾರ್ಯದರ್ಶಿ, ಒಬ್ಬ ಹಾಲು ಪರೀಕ್ಷಕ. ಬೆಳಗಿನ ಹಾಲು ಅಳೆದು, ಲೆಕ್ಕ ಮುಗಿಸಿ, ಹೊಲಕ್ಕೋ ಮನೆಗೋ ಹೊರಡುವ ಮುಂಚೆ ಸಿಗುವುದು ಒಂದೇ ಗಂಟೆ. ಆ ಗಂಟೆಯಲ್ಲಿ ಒಪ್ಪಿಕೊಂಡ ಕೆಲಸ ಮುಂದಿನ ಸಭೆಯೊಳಗೆ ಆಗಬೇಕು. ನಾಲ್ಕೂ ಬಗೆಯನ್ನು ಬಳಸಿ ನೋಡಿದ ಮೇಲೆ ಒಂದೇ ಪ್ರಶ್ನೆ ಉಳಿಯುತ್ತದೆ: ಬಾಕಿ ಇರುವ ಕೆಲಸ, ಯಾರೂ ನೆನಪು ಮಾಡಿಕೊಳ್ಳದೆಯೇ, ತಾನಾಗಿ ಕಣ್ಣಿಗೆ ಬೀಳುತ್ತದೆಯೇ?

ಮೊದಲು ವೇಳೆಯ ವಿಷಯ. ಅಜೆಂಡಾದಲ್ಲಿ ವಿಷಯದ ಪಕ್ಕ "15 ನಿಮಿಷ" ಎಂದು ಬರೆಯುವುದು ಒಂದು ರೀತಿ, "10:50ರಿಂದ 11:05" ಎಂದು ಗಡಿಯಾರದ ಹೊತ್ತನ್ನೇ ಬರೆಯುವುದು ಇನ್ನೊಂದು. ಎರಡನೆಯದೇ ಮೇಲು. ನಿಮಿಷ ಮಾತ್ರ ಬರೆದರೆ ಚರ್ಚೆ ಎಷ್ಟು ಹೊತ್ತಿಗೆ ಶುರುವಾಯಿತು ಎಂಬುದು ಯಾರಿಗೂ ನೆನಪಿರುವುದಿಲ್ಲ. ಗಡಿಯಾರದ ಹೊತ್ತಿದ್ದರೆ ಗೋಡೆ ನೋಡಿದವರಿಗೆಲ್ಲ ಗೊತ್ತಾಗುತ್ತದೆ. ಇದರ ತೊಂದರೆ ಒಂದೇ: ಸಭೆ ಇಪ್ಪತ್ತು ನಿಮಿಷ ತಡವಾದರೆ ಇಡೀ ಪಟ್ಟಿ ಸುಳ್ಳಾಗುತ್ತದೆ. ಆಗ ಎಲ್ಲವನ್ನೂ ಇಪ್ಪತ್ತು ನಿಮಿಷ ಕೆಳಕ್ಕೆ ತಳ್ಳಬಾರದು, ಕೆಳಗಿನ ವಿಷಯವನ್ನು ಬಿಡಬೇಕು. ಯಾವುದನ್ನು ಬಿಡಬಹುದು ಎಂದು ನೋಟಿಸ್ ಕಳಿಸುವಾಗಲೇ ಗುರುತು ಹಾಕಿರಿ. 60 ನಿಮಿಷದ ಸಭೆಗೆ 50 ನಿಮಿಷದ ವಿಷಯ ಮಾತ್ರ ತುಂಬಿ. "ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು" ಎನ್ನುವ ಕೊನೆಯ ಸಾಲಿಗೂ ಹೊತ್ತು ಬರೆಯಲೇಬೇಕು. ಇಡೀ ಸಭೆಯನ್ನು ನುಂಗುವುದು ಆ ಸಾಲೇ.

ಫೋನಿನ ಅಲಾರಂ ಬೇಡ. ಹಿರಿಯ ನಿರ್ದೇಶಕರು ಮಾತಾಡುತ್ತಿರುವಾಗ ಅದು ಕೂಗಿಕೊಂಡರೆ ಅವಮಾನವಾದಂತಾಗುತ್ತದೆ, ಮುಂದಿನ ತಿಂಗಳಿಂದ ಅಲಾರಂ ಇಡುವುದೇ ನಿಂತುಹೋಗುತ್ತದೆ. ಅಧ್ಯಕ್ಷರ ಪಕ್ಕ ಕೂತ ಒಬ್ಬರು "ಯಜಮಾನ್ರೇ, ಇನ್ನು ಮೂರು ನಿಮಿಷ ಅದೆ" ಎಂದರೆ ಸಾಕು. ಆದರೆ ಹಾಗೆ ಹೇಳುವ ಅಧಿಕಾರ ಅವರಿಗಿದೆ ಎಂದು ಅಧ್ಯಕ್ಷರೇ ಸಭೆಯ ಆರಂಭದಲ್ಲಿ ಎಲ್ಲರೆದುರು ಹೇಳಿರಬೇಕು. ಹೊತ್ತು ಮುಗಿದಾಗ ದಾರಿ ಮೂರೇ: ಈಗಲೇ ತೀರ್ಮಾನ, ಕೆಳಗಿನ ಯಾವ ವಿಷಯದಿಂದ ಕಡಿತ ಎಂದು ಹೇಳಿ ಐದು ನಿಮಿಷ ಹೆಚ್ಚು ಕೊಡುವುದು, ಇಲ್ಲವೇ ಇಬ್ಬರಿಗೆ ಒಪ್ಪಿಸಿ ತಾರೀಕು ಕೊಡುವುದು.

ಇನ್ನು ಒಪ್ಪಿಕೊಂಡ ಕೆಲಸದ ಲೆಕ್ಕ. ನಡಾವಳಿ ಪುಸ್ತಕ ಬೇಕೇಬೇಕು, ಅದು ಸಂಘದ ದಾಖಲೆ. ಆದರೆ ಬಾಕಿ ಕೆಲಸ ಹಿಂಬಾಲಿಸಲು ಅದು ಆಗುವುದಿಲ್ಲ. ಅಧ್ಯಕ್ಷರು ಸಹಿ ಹಾಕಿದ ಮೇಲೆ ನಡಾವಳಿಯನ್ನು ತಿದ್ದುವಂತಿಲ್ಲ, ಕೆಲಸದ ಸ್ಥಿತಿಯೋ ವಾರವಾರಕ್ಕೂ ಬದಲಾಗಬೇಕು. ಮೂರು ತಿಂಗಳ ಹಿಂದಿನ ಬಾಕಿ ಹುಡುಕಲು ಪುಟ ಹಿಂದಕ್ಕೆ ತಿರುಗಿಸುವವರೂ ಇರುವುದಿಲ್ಲ.

ವಾಟ್ಸಾಪ್ ಗುಂಪು ವೇಗದಲ್ಲಿ ಎಲ್ಲವನ್ನೂ ಮೀರಿಸುತ್ತದೆ. ಸಭೆಗೆ ಬಾರದವರಿಗೂ ಆ ಕ್ಷಣವೇ ಸುದ್ದಿ ಮುಟ್ಟುತ್ತದೆ. ಆದರೆ ಮಾರನೆಯ ದಿನದ ಶುಭೋದಯಗಳ ಕೆಳಗೆ ಪಟ್ಟಿ ಹೂತುಹೋಗುತ್ತದೆ. ಪಿನ್ ಮಾಡಬಹುದು ನಿಜ, ಆದರೆ ಪಿನ್ ನಿಲ್ಲುವುದು ಹೆಚ್ಚೆಂದರೆ 30 ದಿನ. ತಿಂಗಳ ಸಭೆ ನಾಲ್ಕು ದಿನ ಮುಂದೆ ಹೋದರೆ, ಬೇಕಾದ ಹೊತ್ತಿಗೇ ಅದು ಮಾಯ. ಹೆಬ್ಬೆರಳಿನ ಗುರುತಂತೂ "ನೋಡಿದೆ" ಎಂದಷ್ಟೇ ಅರ್ಥ, "ಮಾಡಿದೆ" ಎಂದಲ್ಲ.

ಗೂಗಲ್ ಶೀಟ್ ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುವವರಿಗೆ ಸರಿ, ಮೈಸೂರಿನ ಕಚೇರಿಗಳಿಗೆ, ಅಪಾರ್ಟ್‌ಮೆಂಟ್ ಸಂಘಗಳಿಗೆ ನಾವು ಇದನ್ನೇ ಹೇಳುತ್ತೇವೆ. ಎ ಕಾಲಂನಿಂದ ಎಫ್‌ವರೆಗೆ ಕ್ರಮಸಂಖ್ಯೆ, ಕೆಲಸ, ಹೆಸರು, ಮುಗಿದದ್ದಕ್ಕೆ ಗುರುತು, ತಾರೀಕು, ಸ್ಥಿತಿ. ಅದೇ ಹಾಳೆಯಲ್ಲಿ ಎಫ್ ಕಾಲಂನ ಬಲಕ್ಕಿರುವ ಖಾಲಿ ಜಾಗದಲ್ಲಿ ಈ ಸೂತ್ರ ಹಾಕಿದರೆ ಗಡುವು ಬಂದ, ಮೀರಿದ ಬಾಕಿಗಳಷ್ಟೇ ಎದ್ದು ನಿಲ್ಲುತ್ತವೆ:

```
=FILTER(A2:F, F2:F="ಬಾಕಿ", E2:E<=TODAY())
```

`#N/A` ಬಂದರೆ ಅಂಥದ್ದೇನೂ ಇಲ್ಲ ಎಂದರ್ಥ, ಆದರೆ ಒಡನೆ ನಂಬಬೇಡಿ. ತಾರೀಕು ಕೋಶದ ಎಡಕ್ಕೆ ಅಂಟಿಕೊಂಡಿದ್ದರೆ ಶೀಟ್ ಅದನ್ನು ತಾರೀಕೆಂದು ಓದಿಲ್ಲ, ಬರೀ ಅಕ್ಷರ ಎಂದುಕೊಂಡಿದೆ. ಆ ಸಾಲು ಸದ್ದಿಲ್ಲದೆ ಪಟ್ಟಿಯಿಂದ ಬಿಟ್ಟುಹೋಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ದೇಶ ಅಮೆರಿಕ ಎಂದಿದ್ದರೆ 05/07 ಜುಲೈ ಐದಾಗುವ ಬದಲು ಮೇ ಏಳಾಗುತ್ತದೆ. ಅದನ್ನು ಭಾರತಕ್ಕೆ ಬದಲಿಸಿಯೇ ಶುರು ಮಾಡಿ. ಹಾಲಿನ ಸಂಘದಲ್ಲಿ ಶೀಟ್ ಸೋಲುವುದಕ್ಕೆ ಕಾರಣ ಬೇರೆ: ಅದನ್ನು ತೆರೆಯುವವರು ಕಾರ್ಯದರ್ಶಿ ಒಬ್ಬರೇ. ಉಳಿದವರ ಕಣ್ಣಿಗೆ ಬೀಳದ ಪಟ್ಟಿಗೆ ಯಾರ ಮೇಲೂ ಹಿಡಿತವಿಲ್ಲ.

ಅಲ್ಲಿ ಗೆಲ್ಲುವುದು ಪ್ರತ್ಯೇಕವಾದ ಬಾಕಿ ರಿಜಿಸ್ಟರ್. ಉದ್ದನೆಯ ಗೆರೆ ಪುಸ್ತಕದಲ್ಲಿ ಅವೇ ಆರು ಕಾಲಂ. ಒಂದು ಉದಾಹರಣೆ ನೋಡಿ. ಕರೆಂಟ್ ಹೋದಾಗ ಬಲ್ಕ್ ಕೂಲರ್‌ನ ಜನರೇಟರ್ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿಲ್ಲ. ಹಾಲು 4 ಡಿಗ್ರಿಯಲ್ಲಿ ನಿಲ್ಲಬೇಕು, ಆದ್ದರಿಂದ ಇದು ಮುಂದೂಡುವ ಕೆಲಸವಲ್ಲ. ನಡಾವಳಿಯಲ್ಲಿ "ಚರ್ಚಿಸಿ, ಸೂಕ್ತ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು" ಎಂದು ಬರುತ್ತದೆ. ಯಾರು, ಯಾವತ್ತು, ಏನು, ಒಂದೂ ಇಲ್ಲ. ರಿಜಿಸ್ಟರ್‌ನಲ್ಲಿ "ಜನರೇಟರ್ ದುರಸ್ತಿ" ಎಂದು ಬರೆದರೂ ಅದೇ ಪಾಡು, ಎಲ್ಲಿಂದ ಶುರು ಮಾಡಬೇಕು ಎಂದು ತಿಳಿಯದೆ ಕೂರುತ್ತದೆ. ಬರೆಯಬೇಕಾದದ್ದು ಮೊದಲ ಹೆಜ್ಜೆ: "ಮೆಕ್ಯಾನಿಕ್‌ನನ್ನು ಕರೆಸಿ ಬ್ಯಾಟರಿ ಪರೀಕ್ಷಿಸಿ, ಹೊಸದಕ್ಕೆ ಎರಡು ಅಂಗಡಿಯ ಕೊಟೇಶನ್ ತರುವುದು." ಹೆಸರಿನ ಕಾಲಂನಲ್ಲಿ ಒಬ್ಬರದೇ ಹೆಸರು, "ಸಮಿತಿ" ಎಂದಲ್ಲ. ತಾರೀಕು ಬರುವ ಗುರುವಾರ. ಮುಗಿದದ್ದಕ್ಕೆ ಗುರುತು: "ಎರಡು ಕೊಟೇಶನ್ ಕಚೇರಿ ಫೈಲಿನಲ್ಲಿ." ಈ ಗುರುತಿನ ಕಾಲಂ ಇಲ್ಲದಿದ್ದರೆ "ಆಗಿದೆ" ಎಂಬ ಮಾತಿನ ಮೇಲೆ ಮುಂದಿನ ಸಭೆಯಲ್ಲಿ ಜಗಳವಾಗುತ್ತದೆ. ಬ್ಯಾಟರಿ ಕೊಳ್ಳುವುದು ಅದರ ಕೆಳಗೆ ಇನ್ನೊಂದು ಸಾಲು.

ತಾರೀಕನ್ನು ಕೆಲಸ ಹೊತ್ತವರ ಬಾಯಿಂದಲೇ ಹೇಳಿಸಿ. ವಿ.ಸಿ. ನಾಲೆಗೆ ನೀರು ಬಿಟ್ಟು ನಾಟಿ ಶುರುವಾದ ವಾರದ ತಾರೀಕನ್ನು ಬೇರೆಯವರು ಹೇರಿದರೆ ಅವರು ತಲೆ ಆಡಿಸುತ್ತಾರೆ, ಅಷ್ಟೆ.

ರಿಜಿಸ್ಟರ್‌ನ ದೋಷ, ಅದು ಬೀರುವಿನೊಳಗೆ ಹೋಗಿ ಕೂರುವುದು. ಅದಕ್ಕೇ ಎಲ್ಲರೂ ಏಳುವ ಮುಂಚೆ ಹೊಸ ಸಾಲುಗಳನ್ನು ಗಟ್ಟಿಯಾಗಿ ಓದಿ, ಪುಟದ ಫೋಟೋ ಗುಂಪಿಗೆ ಹಾಕಬೇಕು. ವಾಟ್ಸಾಪ್‌ಗೆ ಇಷ್ಟು ಕೆಲಸ ಸಾಕು. ಗಡುವಿನ ಅರ್ಧ ದಾರಿಯಲ್ಲಿ ಕಾರ್ಯದರ್ಶಿ ಒಂದು ಫೋನ್ ಮಾಡಬೇಕು. "ಆಯ್ತಾ ಅಣ್ಣ?" ಎಂದರೆ "ಆಯ್ತಾ ಅದೆ" ಎಂಬ ಉತ್ತರ ಖಚಿತ. "ಯಾವ ಅಂಗಡೀಲಿ ಕೇಳುದ್ರಿ, ಯಾವತ್ತು ಕೊಡ್ತೀನಿ ಅಂದ್ರು?" ಎಂದು ಕೇಳಿದರೆ ಕೆಲಸ ನಿಂತಿದೆಯೋ ನಡೆದಿದೆಯೋ ತಿಳಿಯುತ್ತದೆ. ಗಡುವಿನ ದಿನವೇ ಫೋನ್ ಮಾಡಿದರೆ ಸರಿಪಡಿಸಲು ಹೊತ್ತೇ ಉಳಿದಿರುವುದಿಲ್ಲ.

ಮುಂದಿನ ಸಭೆಯ ಮೊದಲ ಹತ್ತು ನಿಮಿಷ ಈ ಪುಸ್ತಕದ್ದೇ. ಕೊನೆಗಿಟ್ಟರೆ ಅಷ್ಟು ಹೊತ್ತಿಗೆ ಅರ್ಧ ಜನ ಎದ್ದಿರುತ್ತಾರೆ. ಬಾಕಿ ಸಾಲುಗಳನ್ನು ಮಾತ್ರ ಓದಿ, ಉತ್ತರ ಮುಗಿದಿದೆ ಅಥವಾ ಹೊಸ ತಾರೀಕು, ಎರಡರಲ್ಲೊಂದು. ವಿವರಣೆ ಶುರುವಾದರೆ ಅದಕ್ಕೆ ಅಜೆಂಡಾದಲ್ಲಿ ಬೇರೆ ಹೊತ್ತು. ಹಳೆಯ ತಾರೀಕನ್ನು ಅಳಿಸದೆ ಗೆರೆ ಎಳೆದು ಪಕ್ಕದಲ್ಲಿ ಹೊಸದನ್ನು ಬರೆಯಿರಿ. ಎರಡು ಗೆರೆ ಬಿದ್ದ ಸಾಲಿಗೆ ಮೂರನೆಯ ತಾರೀಕಿಲ್ಲ: ಬೇರೆಯವರಿಗೆ ಕೊಡಿ, ಇನ್ನೂ ಚಿಕ್ಕದಾಗಿ ಒಡೆಯಿರಿ, ಇಲ್ಲವೇ ಕೈಬಿಟ್ಟಿದೆ ಎಂದು ನಡಾವಳಿಯಲ್ಲಿ ದಾಖಲಿಸಿ. ಪುಟ ತುಂಬಿದಾಗ ಉಳಿದ ಬಾಕಿಗಳನ್ನು ಕೈಯಲ್ಲೇ ಹೊಸ ಪುಟಕ್ಕೆ ಇಳಿಸಿ, ಹಳೆಯ ಕ್ರಮಸಂಖ್ಯೆಯನ್ನೇ ಉಳಿಸಿ. ಒಂದು ಕೆಲಸ ಎಷ್ಟು ಪುಟ ದಾಟಿ ಬಂದಿದೆ ಎಂದು ಆ ಸಂಖ್ಯೆಯಿಂದಲೇ ಹೇಳಬಹುದು.