ಪ್ರಿನ್ಸಿಪಾಲರಿಗೆ ಬರೆಯುವ ಮೇಲ್‌ನಲ್ಲಿ ‘ಗೌರವಧನ’ ಅನ್ನಬೇಡಿ

ಶಾಲೆಗಳಲ್ಲಿ ಕಾರ್ಯಾಗಾರ ನಡೆಸಿ ಜೀವನ ಸಾಗಿಸುವವರು ಇದನ್ನು ಓದಿ. ಕಳೆದ ವರ್ಷ ನನಗೆ ಹದಿನೈದು ಸಾವಿರ ರೂಪಾಯಿ ಖೋತಾ ಆಯಿತು. ಅದಕ್ಕೆ ಕಾರಣ ಹುಡುಕುತ್ತಾ ಹೋದರೆ ಸಿಕ್ಕಿದ್ದು ನಾನೇ ಬರೆದ ಮೇಲ್.

9ನೇ ತರಗತಿಯ ಮಕ್ಕಳಿಗೆ ಸಭೆಯಲ್ಲಿ ಅಂಜದೆ ಮಾತಾಡುವುದನ್ನು ಕಲಿಸುವುದು ನನ್ನ ಕೆಲಸ. ಒಂದು ದಿನ, ಐದು ಗಂಟೆ. ಒಂದು ಖಾಸಗಿ ಶಾಲೆಯ ಪ್ರಿನ್ಸಿಪಾಲ್ ಮೇಡಂಗೆ ಬರೆದ ಮೇಲ್‌ನಲ್ಲಿ ಎರಡು ಪುಟ ನನ್ನ ಪುರಾಣವೇ ಇತ್ತು. ದುಡ್ಡಿನ ಮಾತು ಬಂದಿದ್ದು ಕಟ್ಟಕಡೆಗೆ: “ಗೌರವಧನ ಸಾಮಾನ್ಯವಾಗಿ ₹18,000, ತಮ್ಮ ಅನುಕೂಲ ನೋಡಿಕೊಂಡು ಮಾತಾಡೋಣ.” ಶುಲ್ಕ ಅಂತ ಬರೆಯಲು ಸಂಕೋಚ. ಎಷ್ಟು ಮಕ್ಕಳಿಗೆ ಅನ್ನುವುದನ್ನಂತೂ ಬರೆದಿರಲೇ ಇಲ್ಲ.

“ತುಂಬಾ ಸಂತೋಷ ಸರ್, ಶನಿವಾರ ಬನ್ನಿ” ಎಂದು ಉತ್ತರ ಬಂತು. ಒಪ್ಪಿದರು ಅಂದುಕೊಂಡೆ.

ಹೋಗಿ ನೋಡಿದರೆ ಸಭಾಂಗಣದಲ್ಲಿ 160 ಮಕ್ಕಳು, ನಾಲ್ಕೂ ಸೆಕ್ಷನ್ ಒಟ್ಟಿಗೆ, ಒಂದೇ ಮೈಕು. ನನ್ನ ಲೆಕ್ಕ 40 ಮಕ್ಕಳದ್ದು. ಒಬ್ಬೊಬ್ಬರೂ ಎರಡು ನಿಮಿಷ ಮಾತಾಡಿ, ನಾನು ಒಂದು ನಿಮಿಷ ತಿದ್ದಿದರೆ 40 ಮಕ್ಕಳಿಗೆ ಎರಡು ಗಂಟೆ ಸಾಕು. 160 ಮಕ್ಕಳಿಗೆ ಎಂಟು ಗಂಟೆ ಬೇಕು! ಮೊದಲೇ ಧೈರ್ಯವಿದ್ದ ಇಪ್ಪತ್ತೈದು ಮಕ್ಕಳು ಎದ್ದು ಮಾತಾಡಿದರು. ನಿಜಕ್ಕೂ ಕಲಿಯಬೇಕಿದ್ದವರು ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದರು.

ಸಂಜೆ ಶಾಲು, ಹಣ್ಣಿನ ಬುಟ್ಟಿ, ಒಂದು ಕವರ್. ಕವರ್‌ನಲ್ಲಿ ಮೂರು ಸಾವಿರ. ಕೇಳಿದ್ದಕ್ಕೆ ಮೇಡಂ ಮುಖ ಚಿಕ್ಕದು ಮಾಡಿಕೊಂಡು, “ಕಮಿಟಿಯವರು ಅತಿಥಿ ಉಪನ್ಯಾಸ ಅಂತ ಪಾಸ್ ಮಾಡಿದಾರೆ ಸರ್. ನೀವೂ ಗೌರವಧನ ಅಂತಾನೇ ಬರೆದಿದ್ರಲ್ಲ” ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅಲ್ಲಿ ಚೆಕ್ಕಿಗೆ ಸಹಿ ಹಾಕುವವರು ಆಡಳಿತ ಮಂಡಳಿಯ ಕಾರ್ಯದರ್ಶಿ. ನನ್ನ ಮೇಲ್ ಅವರ ಮೇಜಿಗೆ ಹೋಗಿರಲೇ ಇಲ್ಲ, ಹೋಗಿದ್ದು ಮೇಡಂ ಬಾಯಲ್ಲಿ ಹೇಳಿದ ಒಂದು ಮಾತು ಮಾತ್ರ.

ಈಗ ನನ್ನ ಮೇಲ್ ಹತ್ತು ಸಾಲು ದಾಟುವುದಿಲ್ಲ. ವಿಷಯದ ಸಾಲಿನಲ್ಲೇ “9ನೇ ತರಗತಿ, 40 ಮಕ್ಕಳು, ಒಂದು ದಿನ, ಶುಲ್ಕ ₹18,000” ಎಂದಿರುತ್ತದೆ. ಒಳಗೆ ಮುಖ್ಯವಾಗಿ ಹೀಗೆ ಬರೆಯುತ್ತೇನೆ:

“ಮಕ್ಕಳು 40ಕ್ಕಿಂತ ಹೆಚ್ಚಿದ್ದರೆ ಇನ್ನೊಂದು ದಿನ ಬೇಕಾಗುತ್ತದೆ, ಅದರ ಶುಲ್ಕ ಬೇರೆ. ಆಡಳಿತ ಮಂಡಳಿಯ ಲಿಖಿತ ಒಪ್ಪಿಗೆ ಮತ್ತು ಅರ್ಧ ಮುಂಗಡ ಬಂದ ಮೇಲೆ ದಿನಾಂಕ ಖಚಿತಪಡಿಸುತ್ತೇನೆ. ಈ ಮೇಲ್ ಅನ್ನು ಹಾಗೆಯೇ ಕಾರ್ಯದರ್ಶಿಯವರಿಗೆ ಕಳಿಸಬಹುದು.”

ಕೊನೆಯ ವಾಕ್ಯ ಬಿಡಬೇಡಿ. ಪ್ರಿನ್ಸಿಪಾಲರು ನಿಮ್ಮ ಪರವಾಗಿ ಇನ್ನೊಬ್ಬರ ಬಳಿ ದುಡ್ಡು ಕೇಳಬೇಕಾದ ಮುಜುಗರ ಅದರಿಂದ ತಪ್ಪುತ್ತದೆ.

ಈ ಜೂನ್‌ನಲ್ಲಿ ಇದೇ ಮೇಲ್ ಆರು ಶಾಲೆಗೆ ಕಳಿಸಿದೆ. ಮೂರು ಕಡೆಯಿಂದ ಉತ್ತರವೇ ಇಲ್ಲ. ಇಬ್ಬರು “ಅಷ್ಟು ಕೊಡೋಕಾಗಲ್ಲ ಸರ್” ಎಂದು ಅದೇ ವಾರ ಬರೆದರು. ಉಳಿದ ಒಂದು ಶಾಲೆಯಿಂದ ಮುಂಗಡ ಬಂದಿದೆ, ಜೊತೆಗೆ 40 ಮಕ್ಕಳ ಹೆಸರಿನ ಪಟ್ಟಿಯೂ.